ಇಪ್ಪತ್ಮೂರು ದಿನಗಳ ಬಿನ್ನವತ್ತಳೆ

ನಮ್ಮ ನೀರು ಸರಬರಾಜು ಕಚೇರಿಯಿಂದ ಯಾರೇ ನಿವೃತ್ತರಾಗಲಿ, ಅವರಿಗೆ ಬಿನ್ನವತ್ತಳೆ ಬರೆಯುವವನು ನಾನು. ಬಿನ್ನವತ್ತಳೆ ಎಂದರೆ, ಹೊರಡುವವರನ್ನು ಕುರ್ಚಿಯ ಮೇಲೆ ಕೂರಿಸಿ, ಗಟ್ಟಿಯಾಗಿ ಓದಿ, ಗಾಜಿನ ಚೌಕಟ್ಟು ಹಾಕಿಸಿ ಕೈಗೆ ಕೊಡುವ ಹೊಗಳಿಕೆಯ ಪತ್ರ. ಹೆಸರಿಗೆ ನಾನು ದೂರು ವಿಭಾಗದ ಗುಮಾಸ್ತ. ಆದರೆ ಪೈಪು ಒಡೆದವರ ದೂರಿಗಿಂತ ನನ್ನ ಹೊಗಳಿಕೆಗೇ ಕಚೇರಿಯಲ್ಲಿ ಬೆಲೆ ಹೆಚ್ಚು. ಈವರೆಗೆ ಹತ್ತೊಂಬತ್ತು ಬರೆದಿದ್ದೇನೆ. ಹತ್ತೊಂಬತ್ತು ಜನರೂ ಅತ್ತಿದ್ದಾರೆ. ಪಂಪು ನಡೆಸುತ್ತಿದ್ದ ಒಬ್ಬ ಹಿರಿಯರು ಮಾತ್ರ ಕಣ್ಣೊರೆಸಿಕೊಳ್ಳುತ್ತಾ, "ಚೆನ್ನಾಗಿದೆ ಕಣಪ್ಪಾ, ಆದ್ರೆ ಇದು ನಾನೇನಾ?" ಎಂದು ಕೇಳಿದ್ದರು. ವಯಸ್ಸಾದವರ ಮಾತೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಟ್ಟೇನೆಂದರೆ, ಹತ್ತೊಂಬತ್ತೂ ಒಂದೇ. ಹೆಸರು, ಹುದ್ದೆ, ವರ್ಷ ಬದಲಾಯಿಸಿದರೆ ಮುಗಿಯಿತು. ಮನುಷ್ಯ ನಿವೃತ್ತನಾಗುವುದು ಒಂದೇ ಸಲವಾದ್ದರಿಂದ ಹಿಂದಿನದನ್ನು ಜ್ಞಾಪಕ ಇಟ್ಟುಕೊಂಡವರಿಲ್ಲ.

ಇಂಥ ಕೈಚಳಕದ ಮನುಷ್ಯನಾದ ನಾನು, ನನ್ನ ಹೆಂಡತಿಗೆ ಎರಡು ಸಾಲಿನ ಮೆಚ್ಚುಗೆ ಹೇಳಲಾಗದೆ ಒದ್ದಾಡಿದ ಕಥೆ ಇದು.

ನಮಗೆ ಮಗಳು ಹುಟ್ಟಿ ಇಪ್ಪತ್ತು ದಿನವಾಗಿತ್ತು. ನನ್ನ ಹತ್ತು ದಿನದ ರಜೆ ಮುಗಿದು ಕಚೇರಿ ಶುರುವಾಗಿತ್ತು. ಮಾವನವರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರಿಂದ ಅತ್ತೆಯವರು ಭಾನುವಾರ ಮಾತ್ರ ಬಂದು ಹೋಗುತ್ತಿದ್ದರು. ಉಳಿದ ಆರು ದಿನ ಹಗಲೆಲ್ಲ ಮನೆಯಲ್ಲಿ ತಾಯಿ ಮಗು ಇಬ್ಬರೇ. ಮಗು ಎರಡು ಗಂಟೆಗೊಮ್ಮೆ ಹಾಲು ಕೇಳುತ್ತಿತ್ತು. ಕುಡಿಯುವುದಕ್ಕೆ ಮುಕ್ಕಾಲು ಗಂಟೆ, ತೇಗಿಸುವುದಕ್ಕೆ ಕಾಲು ಗಂಟೆ, ಬಟ್ಟೆ ಬದಲಾಯಿಸುವುದಕ್ಕೆ ಹತ್ತು ನಿಮಿಷ, ಬದಲಾಯಿಸಿದ್ದನ್ನು ಮತ್ತೆ ಒದ್ದೆ ಮಾಡುವುದಕ್ಕೆ ಒಂದು ಕ್ಷಣ. ಉಳಿದ ಹೊತ್ತಿನಲ್ಲಿ ನನ್ನ ಹೆಂಡತಿ ಊಟ, ಸ್ನಾನ, ನಿದ್ದೆ ಮೂರನ್ನೂ ಮುಗಿಸಬೇಕಿತ್ತು.

ನನಗೆ ಭಯ ಹುಟ್ಟಿಸಿದ್ದು ಇದಲ್ಲ. ಅವಳು ನನ್ನನ್ನು ತಿದ್ದುವುದನ್ನು ನಿಲ್ಲಿಸಿದ್ದಳು.

ಮದುವೆಯಾಗಿ ನಾಲ್ಕು ವರ್ಷ, ಅವಳು ನನ್ನನ್ನು ತಿದ್ದದ ದಿನವಿರಲಿಲ್ಲ. "ರೀ, ಟವೆಲ್ ಹಾಗೆ ಹಾಕಿದ್ರೆ ಒಣಗುತ್ತಾ?" "ರೀ, ಅದು ಗುರುವಾರ ಅಲ್ಲ, ಶುಕ್ರವಾರ." ನನ್ನ ಬದುಕು ಅವಳ ತಿದ್ದುಪಡಿಗಳ ಮೇಲೆಯೇ ನಿಂತಿತ್ತು. ಮಗು ಹುಟ್ಟಿದ ಮೊದಲ ವಾರ ತಿದ್ದುಪಡಿ ಇಮ್ಮಡಿಯಾಯಿತು. ಹದಿನೆಂಟನೆಯ ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ನಾನು ಬೇಕೆಂದೇ ಒದ್ದೆ ಟವೆಲನ್ನು ಮುದ್ದೆ ಮಾಡಿ ಕುರ್ಚಿಯ ಮೇಲೆಸೆದೆ. ಅವಳು ಅದನ್ನು ನೋಡಿದಳು, ಗೋಡೆಯನ್ನೂ ನೋಡಿದಳು. ಎರಡನ್ನೂ ಒಂದೇ ತರಹ ನೋಡಿದಳು.

ಇಪ್ಪತ್ತನೆಯ ದಿನ ಮನೆಗೆ ನರ್ಸಮ್ಮ ಬಂದರು. ಮಗುವನ್ನು ತೂಗಿದರು. ಮೊದಲ ದಿನಗಳಲ್ಲಿ ಇಳಿದಿದ್ದ ತೂಕ ಪೂರ್ತಿ ಮರಳಿ, ಹುಟ್ಟಿದಾಗಿನದಕ್ಕಿಂತ ಇನ್ನೂರು ಗ್ರಾಂ ಹೆಚ್ಚಾಗಿತ್ತು. ಆಮೇಲೆ ನನ್ನನ್ನು ಕೋಣೆಯಿಂದ ಹೊರಗೆ ಹಾಕಿ, ಹೆಂಡತಿಯ ಹತ್ತಿರ ಬಹಳ ಹೊತ್ತು ಮಾತಾಡಿದರು. ಹೊರಡುವಾಗ ನಾನು ಮೆಟ್ಟಿಲ ಹತ್ತಿರ ಅಡ್ಡ ನಿಂತೆ.

"ನನ್ನ ಹೆಂಡತಿ ನನ್ನನ್ನ ಬೈತಿಲ್ಲ, ಮೇಡಂ."

ಇಪ್ಪತ್ತು ವರ್ಷದ ಅನುಭವದಲ್ಲಿ ಈ ದೂರು ಅವರಿಗೆ ಮೊದಲ ಸಲ ಬಂದಿರಬೇಕು. ಚೀಲ ಕೆಳಗಿಟ್ಟರು.

"ಸುಸ್ತಾಗಿದಾರೆ. ನಾನು ಎಲ್ಲಾ ಕೇಳಿದೀನಿ, ಸದ್ಯಕ್ಕೆ ಇದು ದಣಿವು ಅಂತ್ಲೇ ಕಾಣುತ್ತೆ. ಆದ್ರೆ ನೀವು ಕಣ್ಣಿಟ್ಟಿರಿ. ಮಗು ಮಲಗಿದಾಗ್ಲೂ ಅವರಿಗೆ ನಿದ್ದೆ ಬರದೆ ಇದ್ರೆ, ಊಟಾನೇ ಬೇಡ ಅಂದ್ರೆ, ದಿನವಿಡೀ ಅಳು ಬಂದ್ರೆ, ಭಯ ಆಗೋ ಅಂಥ ಯೋಚನೆ ಬರ್ತಿವೆ ಅಂದ್ರೆ, ನಾನು ಬರೋ ದಿನಕ್ಕೆ ಕಾಯ್ಬೇಡಿ. ಆವತ್ತೇ ಫೋನ್ ಮಾಡಿ. ಅದಿರ್ಲಿ, ಅವರು ಮಾಡ್ತಿರೋದನ್ನ ನೋಡಿ ನೀವು ಒಂದು ಒಳ್ಳೇ ಮಾತು ಹೇಳಿದೀರಾ?"

"ಎರಡು ಸಲ ಹೇಳಿದೀನಿ!" ಎಂದು ಫೋನನ್ನೇ ತೆಗೆದು ತೋರಿಸಿದೆ. ಕಚೇರಿಯಿಂದ ಕಳಿಸಿದ ಸಂದೇಶಗಳು ಅಲ್ಲಿದ್ದವು.

ಮೊದಲನೆಯದು: "ನೀನು ಮಹಾತಾಯಿ!" ಜೊತೆಗೆ ಆರು ಹೆಬ್ಬೆರಳು. ಅವಳ ಉತ್ತರ: "ಡೈಪರ್ ಮುಗಿದಿದೆ."

ಎರಡನೆಯದು: "ಮಗೂನ ತುಂಬಾ ಚೆನ್ನಾಗಿ ನೋಡ್ಕೋತಿದೀಯ, ಆದರೆ ಸ್ವಲ್ಪ ರೆಸ್ಟ್ ತಗೋ." ಅವಳ ಉತ್ತರ: "ಯಾವಾಗ?"

ನರ್ಸಮ್ಮ ಎರಡನ್ನೂ ಎಕ್ಸ್‌ರೇ ನೋಡುವಂತೆ ಬೆಳಕಿಗೆ ಹಿಡಿದು ನೋಡಿದರು.

"ಮಹಾತಾಯಿ ಅಂದ್ಬಿಟ್ರೆ, ಪಾಪ, 'ನನ್ ಕೈಲಾಗ್ತಿಲ್ಲ' ಅಂತ ಅವರು ಹೇಳೋದು ಹೇಗೆ? ಬಾಯಿ ಕಟ್ಟಿಹಾಕಿದ ಹಾಗಾಯ್ತು. ಇನ್ನು ಇದು, ಅರ್ಧ ಹೊಗಳಿ 'ಆದರೆ' ಅಂದಿದೀರ. 'ಆದರೆ' ಬಂದ ತಕ್ಷಣ ಹಿಂದಿಂದೆಲ್ಲ ಅಳಿಸಿಹೋಯ್ತು, ಬರೀ ಬುದ್ಧಿವಾದ ಉಳೀತು. ರೆಸ್ಟ್ ತಗೋ ಅಂದ್ರೆ ಅದೂ ಅವರ ತಲೆ ಮೇಲೇ ಇನ್ನೊಂದು ಕೆಲಸ."

"ಮತ್ತೆ ಏನು ಬರೀಲಿ?"

"ನೀವು ಕಣ್ಣಾರೆ ನೋಡಿರೋ ಒಂದೇ ಒಂದು ಸಂಗತಿ. ಯಾವತ್ತು, ಏನು ಮಾಡಿದ್ರು, ಅಷ್ಟೇ. ನಿಮ್ಮಮ್ಮ ಹಾಗೆ ಮಾಡ್ತಿದ್ರು, ಪಕ್ಕದ ಮನೆಯೋರು ಹೀಗೆ ಮಾಡಿದ್ರು ಅಂತ ಹೋಲಿಸ್ಬೇಡಿ. ಮಗು ಬಗ್ಗೆ ಅಲ್ಲ, ಅವರ ಬಗ್ಗೆ ಇರ್ಲಿ. ಒಂದು ಕೈಲಿ ಮಗು ಇಟ್ಕೊಂಡು ಇನ್ನೊಂದು ಕೈಲಿ ಓದಿ ಮುಗಿಸೋ ಅಷ್ಟು ಚಿಕ್ಕದಿರ್ಲಿ. ಉತ್ತರ ಕೇಳ್ಬೇಡಿ. ಕೊನೇಲಿ, ನೀವು ಮಾಡೋ ಒಂದು ಕೆಲಸ ಬರೀರಿ, ಗಂಟೆ ಸಮೇತ. ಬರೆದ ಮೇಲೆ ಮಾಡಿ."

"ಏನಾದ್ರೂ ಸಹಾಯ ಬೇಕಾದ್ರೆ ಹೇಳು ಅಂತ ಬರೀಲಾ?"

"ಹೇಳೋದೂ ಒಂದು ಕೆಲಸಾನೇ ಅಲ್ವಾ?" ಎಂದು ನರ್ಸಮ್ಮ ಚೀಲ ಎತ್ತಿಕೊಂಡು ಹೋದರು.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಯಾರಾದರೂ ಕೆಡಿಸುತ್ತಾರೆಯೇ? ಕೆಡಿಸುವುದಕ್ಕೆ ಪ್ರತಿಭೆ ಬೇಕು. ಅದು ನನ್ನಲ್ಲಿತ್ತು.

ಮರುದಿನ ಕಚೇರಿಯಲ್ಲಿ ಹಾಳೆ ತೆಗೆದು ಕೂತೆ. ಕಣ್ಣಾರೆ ನೋಡಿದ ಒಂದು ಸಂಗತಿ! ಪೆನ್ನು ಮುಂದೆ ಹೋಗಲಿಲ್ಲ. ಬೆಳಗಿನಿಂದ ಹನ್ನೊಂದರವರೆಗೆ "ನೀನು" ಎಂಬ ಒಂದೇ ಪದ ಬರೆದು, ಅದನ್ನೂ ಹೊಡೆದುಹಾಕಿದೆ. ಇವಳು ಇನ್ನೂ ಎಷ್ಟು ದಿನ ಹೀಗೆ ಗೋಡೆ ನೋಡುತ್ತಾಳೋ ಎಂಬುದೇ ಚಿಂತೆ. ಹನ್ನೊಂದೂಕಾಲಿಗೆ ನಮ್ಮ ಸೂಪರಿಂಟೆಂಡೆಂಟ್ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದರು. ವಿಷಯ ತಿಳಿದು ಅವರಿಗೆ ನಿಜವಾಗಿಯೂ ಬೇಸರವಾಯಿತು.

"ಏನಯ್ಯಾ ಇದು! ಕಂಡಕಂಡವರಿಗೆಲ್ಲ ಬಿನ್ನವತ್ತಳೆ ಬರೆದವನು, ಮನೆಯಾಕೆಗೆ ಚೀಟಿ ಬರೀತಾ ಕೂತಿದೀಯಾ? ಆ ವಾಲ್ವ್‌ ತಿರುಗಿಸ್ತಿದ್ದವನಿಗೆ ಗಾಜು ಹಾಕಿಸಿ ಕೊಟ್ವಿ. ನಿನ್ನ ಹೆಂಡತಿ ವಾಲ್ವ್‌ಗಿಂತ ಕಡಿಮೆಯಾ?"

ಈ ಪ್ರಶ್ನೆಗೆ ಯಾವ ಗಂಡ ತಾನೇ ಹೌದು ಎನ್ನುತ್ತಾನೆ? ಹಳೆಯ ಬಿನ್ನವತ್ತಳೆ ತೆಗೆದೆ. "ಮೂವತ್ತೆರಡು ವರ್ಷ" ಎಂದಿದ್ದಲ್ಲಿ "ಇಪ್ಪತ್ಮೂರು ದಿನ" ಎಂದು ಹಾಕಿದೆ, ಫ್ರೇಮು ಕೈಗೆ ಸಿಗುವ ದಿನದ ಲೆಕ್ಕ ಹಿಡಿದು. "ಹಗಲಿರುಳೆನ್ನದೆ ನೀರು ಪೂರೈಸಿದ" ಎಂದಿದ್ದಲ್ಲಿ ನೀರು ತೆಗೆದು ಹಾಲು ಹಾಕಿದೆ. ನಾನೇನೂ ಅಷ್ಟು ದಡ್ಡನಲ್ಲ. ಬೀಳ್ಕೊಡುವ ಕೊನೆಯ ಪ್ಯಾರಾವನ್ನು ಪೂರ್ತಿ ತೆಗೆದುಹಾಕಿದೆ. ಎರಡೆರಡು ಸಲ ಓದಿ, ಹೋಗುವ ಮಾತು ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಚೇರಿಯ ಎದುರು ಬೀದಿಯ ಫ್ರೇಮಿನಂಗಡಿಯವನಿಗೆ ಕೊಟ್ಟೆ. ನಮ್ಮ ಹತ್ತೊಂಬತ್ತಕ್ಕೂ ಅಚ್ಚು ಹಾಕಿ, ಗಾಜು ಕೂರಿಸಿದವನು ಅವನೇ. ತುಂಬಾ ಒಳ್ಳೆಯ ಮನುಷ್ಯ. ಆಮೇಲೆ ಆದದ್ದೆಲ್ಲ ಅವನ ಒಳ್ಳೆಯತನದಿಂದಲೇ ಆದದ್ದು.

"ಇಪ್ಪತ್ಮೂರನೇ ದಿನ, ಸಂಜೆ ನಾನೇ ಬಂದು ತಗೋತೀನಿ," ಎಂದಿದ್ದೆ.

ಇಪ್ಪತ್ಮೂರನೆಯ ದಿನ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ನಮ್ಮ ಕೆಳಮನೆಯ ಟೀಚರಮ್ಮ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ಮನೆಯಲ್ಲಿ ಕೂತಿರುವವರು. ಎರಡಕ್ಕೆ ಎರಡು ಕೂಡಿಸುವ ಅಭ್ಯಾಸ ಬಿಟ್ಟಿಲ್ಲ.

"ಏನಪ್ಪಾ, ನೀನು ಮನುಷ್ಯನೇನಪ್ಪಾ?"

"ಏನಾಯ್ತು ಟೀಚರ್? ಮಗು ಚೆನ್ನಾಗಿದೆ ತಾನೇ? ಅವಳು ಚೆನ್ನಾಗಿದಾಳಾ?"

"ಈಗ ಕೇಳ್ತೀಯಾ! ಮೊದ್ಲು ಮನೆಗೆ ಬಾ. ನಿಮ್ಮತ್ತೇನೂ ಕರೆಸಿದೀನಿ."

ಫೋನು ಕಟ್ಟಾಯಿತು. ನರ್ಸಮ್ಮ ಹೇಳಿದ ನಾಲ್ಕೂ ಲಕ್ಷಣಗಳು ನನ್ನ ಕಣ್ಣ ಮುಂದೆ ಸಾಲಾಗಿ ನಿಂತವು. ಮಗು ಮಲಗಿದಾಗ ನಿನ್ನೆ ಅವಳು ಮಲಗಿದ್ದಳೇ? ಮಲಗಿದ್ದಳು. ಊಟ ಮಾಡಿದ್ದಳೇ? ಬ್ರೆಡ್ಡು ತಿಂದಿದ್ದಳು, ಒಂದು ಮೂಲೆ ಬಿಟ್ಟಿದ್ದಳು. ಮೂಲೆ ಬಿಡುವುದು ಲಕ್ಷಣವೇ? ಹೆಂಡತಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಬಸ್ಸಿನಲ್ಲಿ ಕೂರಲಾಗದೆ ನಿಂತೆ, ನಿಲ್ಲಲಾಗದೆ ಬಾಗಿಲಿಗೆ ಹೋದೆ. ಕಂಡಕ್ಟರ್, "ಸಾರ್, ನೀವು ಓಡಿದ್ರೆ ಬಸ್ಸು ಬೇಗ ಹೋಗಲ್ಲ," ಎಂದ.

ನಾನು ಮನೆ ಸೇರುವ ಮೊದಲು ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಮೂರು ಜನ ಮೂರು ತರಹ ಹೇಳಿದರು. ಸಾರಾಂಶ ಇಷ್ಟು. ಫ್ರೇಮಿನಂಗಡಿಯವನು, ಪಾಪ ಇವರಿಗೆ ಚಿಕ್ಕ ಮಗು ಬೇರೆ, ಇಷ್ಟು ಭಾರದ್ದನ್ನು ಬಸ್ಸಿನಲ್ಲಿ ಹೇಗೆ ಹೊರುತ್ತಾರೆ ಎಂದು ತಾನೇ ಮನೆಗೆ ತಂದ. ಮಗು ಮಲಗಿರಬಹುದೆಂದು ಗಂಟೆ ಒತ್ತದೆ ಕೆಳಮನೆಯ ಬಾಗಿಲು ತಟ್ಟಿದ. ಟೀಚರಮ್ಮ ತೆಗೆದರು. ಅವನು ವಿನಯದಿಂದ ಕೇಳಿದ:

"ಮೇಲಿನ ಮನೆ ಮೇಡಂ ಅವರ ಬೀಳ್ಕೊಡುಗೆ ಇವತ್ತೇನಾ?"

ಅವನಿಗೆ ನಮ್ಮ ಕಚೇರಿಯಿಂದ ಹೋಗುವುದೆಲ್ಲ ಬೀಳ್ಕೊಡುಗೆಯೇ. ಟೀಚರಮ್ಮ ಫ್ರೇಮು ತೆಗೆದುಕೊಂಡರು, ಕನ್ನಡಕ ಹಾಕಿಕೊಂಡರು, ಓದಿದರು. ಓದಿ ಅತ್ತೆಯವರಿಗೆ ಫೋನು ಮಾಡಿದರು. ಫೋನಿನಲ್ಲೂ ಓದಿದರು.

ನಾನು ಏದುಸಿರು ಬಿಡುತ್ತಾ ಮೇಲೆ ಹತ್ತಿದಾಗ, ಅತ್ತೆಯವರು ಬಾಗಿಲ ಪಕ್ಕ ಚಪ್ಪಲಿ ಇಡುವ ಪೆಟ್ಟಿಗೆಯ ಮೇಲೆ ಕೂತಿದ್ದರು. ಕಾಲ ಬಳಿ ಖಾಲಿ ಸೂಟ್‌ಕೇಸು. ಮಗಳ ಬಟ್ಟೆ ತುಂಬುವುದಕ್ಕೆ ತಂದಿದ್ದರಂತೆ. ನನ್ನನ್ನು ನೋಡಿ ಎದ್ದು ನಿಂತರು. ಅವರು ಗೌರವ ಕೊಟ್ಟರೆ ನನಗೆ ನಡುಕ.

"ಬನ್ನಿ ಅಳಿಯಂದಿರೇ, ಬನ್ನಿ. ತಾವೇ ಬರ್ಲಿ ಅಂತ ಕಾಯ್ತಿದ್ವಿ. ಯಾರವಳು?"

"ಯಾವಳು?"

"ಯಾವಳು ಅಂತ ನಮ್ಮನ್ನೇ ಕೇಳ್ತಾರೆ ನೋಡ್ರಿ ಟೀಚರ್! ಓದ್ರಿ ಇನ್ನೊಂದ್ಸಲ."

ಟೀಚರಮ್ಮ ಗೋಡೆಗೊರಗಿಸಿದ್ದ ಫ್ರೇಮಿನ ಮುಂದೆ ನಿಂತು, ತರಗತಿಯಲ್ಲಿ ಓದುವ ಧ್ವನಿಯಲ್ಲಿ ಶುರುಮಾಡಿದರು. ಮೇಲೆ ನಮ್ಮ ಕಚೇರಿಯ ನೀರಿನ ಟ್ಯಾಂಕಿನ ಚಿಹ್ನೆ. ಸುತ್ತ ಚಿನ್ನದ ಬಣ್ಣದ ಬಳ್ಳಿ.

"'ಮಾನ್ಯರೇ, ತಾವು ಕಳೆದ ಇಪ್ಪತ್ಮೂರು ದಿನಗಳಿಂದ ಹಗಲಿರುಳೆನ್ನದೆ, ದಣಿವರಿಯದೆ, ನಗುಮೊಗದಿಂದ ಹಾಲು ಪೂರೈಸಿದ ಪರಿ ಅನನ್ಯವಾದುದು. ತಮ್ಮ ಅವಧಿಯಲ್ಲಿ ಒಂದು ದೂರೂ ಬಾರದಿದ್ದುದು ತಮ್ಮ ದಕ್ಷತೆಗೆ ಸಾಕ್ಷಿ.'"

"ದಣಿವರಿಯದೆ ಅಂತೆ!" ಎಂದರು ಅತ್ತೆ. "ಮುಖ ನೋಡಿದಾರಾ ನನ್ನ ಮಗಳದ್ದು? ಮುಂದಕ್ಕೆ, ಮುಂದಕ್ಕೆ. ಕೊನೇದು."

"'ತಮ್ಮ ನಿರ್ಗಮನದಿಂದ ತೆರವಾಗುವ ಸ್ಥಾನ ತುಂಬುವುದು ಸುಲಭವಲ್ಲ. ಆದರೂ ತಮ್ಮ ಸ್ಥಾನಕ್ಕೆ ಬರುವವರು ತಮ್ಮ ಹಾದಿಯಲ್ಲೇ ನಡೆಯಲೆಂದೂ, ತಮ್ಮ ವಿಶ್ರಾಂತ ಜೀವನ ಸುಖಮಯವಾಗಿರಲೆಂದೂ ಹಾರೈಸುವ, ಸಮಸ್ತ ಸಿಬ್ಬಂದಿ ವರ್ಗ.'"

ನಾನು ತೆಗೆದುಹಾಕಿದ್ದ ಪ್ಯಾರಾ ಚಿನ್ನದ ಬಳ್ಳಿಯ ನಡುವೆ ಕೂತು ನನ್ನನ್ನೇ ನೋಡುತ್ತಿತ್ತು.

"ಇದು ನಾನು ಬರೆದಿದ್ದಲ್ಲ!"

"ನಿಮ್ಮ ಶೈಲಿ ಗೊತ್ತಿಲ್ವಾ ನಮಗೆ? ಮದುವೆಗೆ ಮುಂಚೆ ನೀವು ಬರೆದ ಕಾಗದದಲ್ಲೂ 'ತಮ್ಮ ದಕ್ಷತೆ' ಅಂತ್ಲೇ ಇತ್ತು," ಎಂದರು ಅತ್ತೆ.

"ಅಂದ್ರೆ ಬರೆದಿದ್ದು ನಾನೇ, ಆದ್ರೆ ಇದನ್ನ ಅಲ್ಲ. ಅಂದ್ರೆ ಇದನ್ನೂ ನಾನೇ ಬರೆದಿದ್ದು, ಆದ್ರೆ ಇವಳಿಗಲ್ಲ."

"ಇವಳಿಗಲ್ಲ! ಕೇಳಿಸ್ಕೊಂಡ್ರಾ?"

"ಪಂಪು ನಡೆಸೋರಿಗೆ ಅತ್ತೆ! ಹತ್ತೊಂಬತ್ತು ಜನಕ್ಕೆ ಬರೆದಿದ್ದೆ!"

"ಹತ್ತೊಂಬತ್ತು ಜನ!" ಎಂದು ಅತ್ತೆ ಮತ್ತೆ ಚಪ್ಪಲಿ ಪೆಟ್ಟಿಗೆಯ ಮೇಲೆ ಕುಸಿದರು. ಟೀಚರಮ್ಮ ನನ್ನತ್ತ ನೋಡಿದ ನೋಟದಲ್ಲಿ ಇಪ್ಪತ್ತೆಂಬ ಮೊತ್ತ ಸ್ಪಷ್ಟವಾಗಿ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲಿ ಬಾಗಿಲಲ್ಲಿ ಕೆಮ್ಮಿದ್ದು ಫ್ರೇಮಿನಂಗಡಿಯವನು. ಮೊಳೆ ಮತ್ತು ಕೊಕ್ಕೆ ಕೊಡುವುದು ಮರೆತುಹೋಗಿತ್ತೆಂದು ಅಷ್ಟು ದೂರ ವಾಪಸ್ಸು ಬಂದಿದ್ದ.

"ಸಾರ್, ಸಿಕ್ಕಿದ್ರಲ್ಲ. ಒಂದು ವಿಷ್ಯ. ನೀವು ಗಡಿಬಿಡೀಲಿ ಕೊನೇ ಪ್ಯಾರಾನೇ ಹಾಕಿರ್ಲಿಲ್ಲ. ನನ್ನ ಹತ್ರ ಹಳೇದು ಇತ್ತಲ್ಲ, ಸೇರಿಸಿ ಸರಿ ಮಾಡಿದೆ. ನಮ್ಮ ಸಾರ್ ಹೆಂಡತಿ ಅಂದ್ರೆ ಅರ್ಧಂಬರ್ಧ ಇರ್ಬಾರ್ದು ಅಂತ."

ಅವನು ನಮ್ಮೆಲ್ಲರ ಮುಖ ನೋಡಿ, ಕೊಕ್ಕೆಯನ್ನು ಮೆಲ್ಲಗೆ ಅತ್ತೆಯವರ ಕೈಗಿಟ್ಟು, "ಕಾರ್ಯಕ್ರಮ ಇನ್ನೂ ಶುರುವಾಗಿಲ್ವಾ?" ಎಂದ.

ನಿಜಾಂಶ ಎಲ್ಲರಿಗೂ ಅರ್ಥವಾಗುವುದಕ್ಕೆ ಹತ್ತು ನಿಮಿಷ ಬೇಕಾಯಿತು. ಟೀಚರಮ್ಮ ಕನ್ನಡಕ ತೆಗೆದು, "ನಂಗೆ ಮೊದ್ಲೇ ಅನುಮಾನ ಇತ್ತು," ಎಂದರು. ಅತ್ತೆಯವರು ಸೂಟ್‌ಕೇಸನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರು. ನಾನು ಗೆದ್ದೆನೆಂದುಕೊಂಡು ಉಸಿರು ಬಿಟ್ಟೆ.

ಆಗಲೇ ನೆನಪಾದದ್ದು. ಇಷ್ಟೆಲ್ಲ ಗಲಾಟೆಯಲ್ಲಿ ಒಬ್ಬಳು ಮಾತ್ರ ಮಾತೇ ಆಡಿರಲಿಲ್ಲ.

ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ನನ್ನ ಹೆಂಡತಿ ಮಂಚದ ತುದಿಯಲ್ಲಿ ಕೂತಿದ್ದಳು. ಮಗು ಹಾಲು ಕುಡಿಯುತ್ತಿತ್ತು. ಅವಳ ಫೋನು ಕೈಗೆಟುಕದಷ್ಟು ದೂರದ ಮೇಜಿನ ಮೇಲಿತ್ತು. ಅದು ಎರಡು ಸಲ ಬಡಿದುಕೊಂಡದ್ದನ್ನು ಅವಳು ಕೂತಲ್ಲಿಂದಲೇ ಕೇಳಿಸಿಕೊಂಡಿರಬೇಕು. ಪಕ್ಕದಲ್ಲಿ ಒಂದು ಲೋಟ ಟೀ ಕೆನೆಗಟ್ಟಿತ್ತು. ಎಲ್ಲವನ್ನೂ ಕೇಳಿದ್ದಳು. ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ.

"ನಿನ್ನ ಮೆಚ್ಚಿ ಬರೆದಿದ್ದು," ಎಂದೆ. "ಸತ್ಯವಾಗ್ಲೂ."

"ಹೂಂ."

"ಕೊನೇ ಪ್ಯಾರಾ ಬಿಟ್ಟು ಓದು. ಉಳಿದಿದ್ದೆಲ್ಲ ನಿನ್ನ ಬಗ್ಗೆನೇ."

ಅವಳು ತಲೆಯೆತ್ತಿದಳು.

"ಅದ್ರಲ್ಲಿ ನಾನೆಲ್ಲಿದೀನಿ, ರೀ?"

ಪಂಪು ನಡೆಸುತ್ತಿದ್ದ ಹಿರಿಯರ ಮುಖ ನನ್ನ ಕಣ್ಣ ಮುಂದೆ ಬಂತು. ಅವರು ಕೇಳಿದ್ದೂ ಇದನ್ನೇ. ಈ ಪ್ರಶ್ನೆಗೆ ಈಗ ಉತ್ತರ ಕೊಡದಿದ್ದರೆ ಇವಳು ಮತ್ತೆ ಗೋಡೆಯತ್ತ ತಿರುಗುತ್ತಾಳೆ, ಇನ್ನು ಯಾವತ್ತೂ ಕೇಳುವುದಿಲ್ಲ ಎನ್ನಿಸಿತು.

ಹೊರಗೆ ಬಂದೆ. ಬರೆಯಲು ಹಾಳೆ ಕಾಣಲಿಲ್ಲ. ಡೈಪರ್ ಡಬ್ಬದ ಮುಚ್ಚಳ ಹರಿದೆ. ಟೀಚರಮ್ಮನ ಕೈಚೀಲದಲ್ಲಿ ಪೆನ್ಸಿಲ್ ಇದ್ದೇ ಇತ್ತು. ಚಪ್ಪಲಿ ಪೆಟ್ಟಿಗೆಯ ಮೇಲೆ, ಅತ್ತೆಯವರ ಪಕ್ಕದಲ್ಲೇ ಕೂತೆ. ಮೂವರೂ ನನ್ನ ಪೆನ್ಸಿಲನ್ನೇ ನೋಡುತ್ತಿದ್ದರು. ಫ್ರೇಮಿನಂಗಡಿಯವನು, "'ಮಾನ್ಯರೇ' ಅಂತ ಶುರುಮಾಡಿ ಸಾರ್," ಎಂದು ಮೆಲ್ಲಗೆ ಸೂಚಿಸಿದ. ಅತ್ತೆಯವರು ಕೊಕ್ಕೆ ಹಿಡಿದ ಕೈಯನ್ನು ಅವನತ್ತ ಎತ್ತಿದ್ದರಿಂದ ಸುಮ್ಮನಾದ.

ಕಣ್ಣಾರೆ ನೋಡಿದ ಒಂದು ಸಂಗತಿ. ನಾನು ಕಣ್ಣು ಮುಚ್ಚಿಕೊಂಡೆ. ಮೊದಲು ಬಂದದ್ದು ನೊರೆ.

ಬರೆದೆ:

"ಮಂಗಳವಾರ ನೀನು ತಲೆಗೆ ಶಾಂಪೂ ಹಚ್ಚಿಕೊಂಡಿದ್ದೆ. ಮಗು ಅತ್ತಿತು. ತಲೆ ತೊಳೆಯದೆ ಓಡಿ ಬಂದೆ. ಮುಕ್ಕಾಲು ಗಂಟೆ ಹಾಲು ಕುಡಿಸಿದೆ. ನೊರೆ ತಲೆಯಲ್ಲೇ ಒಣಗಿತು. ಕಣ್ಣಿಗೆ ಇಳಿದದ್ದನ್ನು ಭುಜದಿಂದ ಒರೆಸಿಕೊಂಡೆ, ಮಗು ಅಲುಗಬಾರದೆಂದು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಈ ಹಾಲು ಮುಗಿದ ಮೇಲೆ ಐದೂವರೆವರೆಗೆ ಮಗು ನನ್ನ ಹತ್ತಿರ. ಉತ್ತರ ಬೇಡ."

ಓದಿ ನೋಡಿದೆ. ಅನನ್ಯವೂ ಇಲ್ಲ, ದಕ್ಷತೆಯೂ ಇಲ್ಲ. ಇಷ್ಟು ಬಡವಾದ ಬರಹವನ್ನು ನಾನು ಜೀವಮಾನದಲ್ಲಿ ಬರೆದಿರಲಿಲ್ಲ. ಒಳಗೆ ಹೋಗಿ ಅವಳ ಬಿಡುವಾಗಿದ್ದ ಕೈಗೆ ಕೊಟ್ಟು, ಬಾಗಿಲ ಹತ್ತಿರ ನಿಂತೆ.

ಅವಳು ಓದಿದಳು. ತಿರುಗಿ ಮೊದಲಿನಿಂದ ಓದಿದಳು. ಮುಚ್ಚಳದ ಇನ್ನೊಂದು ಬದಿಯಲ್ಲಿ ಏನಾದರೂ ಇದೆಯೇ ಎಂದು ತಿರುಗಿಸಿ ನೋಡಿದಳು. ಅಲ್ಲಿ ನಗುವ ಮಗುವಿನ ಅರ್ಧ ಚಿತ್ರವಿತ್ತು. ಆಮೇಲೆ ಅವಳ ಮುಖ ಒಂದು ಕ್ಷಣ ಸುಕ್ಕಾಯಿತು, ಕಣ್ಣು ತುಂಬಿತು, ಮೂಗು ಸೊರ್ರೆಂದಿತು. ನಾನು ಫೋನಿಗೆ ಕೈ ಹಾಕಿದೆ. ಅಳು ಬಂದರೆ ಫೋನು ಮಾಡಿ ಎಂದಿದ್ದರು ನರ್ಸಮ್ಮ. ಆದರೆ ಅವರು ಹೇಳಿದ್ದು ದಿನವಿಡೀ. ಇದು ಅರ್ಧ ನಿಮಿಷ. ಎಷ್ಟು ನಿಮಿಷಕ್ಕೆ ಫೋನು ಮಾಡಬೇಕೆಂದು ಕೇಳಿಕೊಂಡಿರಲಿಲ್ಲ.

ಅಷ್ಟರಲ್ಲಿ ಮಗು ಕುಡಿಯುವುದು ಬಿಟ್ಟಿತು. ಅವಳು ಮಗುವನ್ನು ನನ್ನ ತೋಳಿಗೆ ಹಾಕಿದಳು, ಹೆಗಲ ಮೇಲೊಂದು ಬಟ್ಟೆ ಎಸೆದಳು. ಬಚ್ಚಲಿಗೆ ಹೋದಳು. ನೀರು ಸುರಿಯುವ ಸದ್ದು ಬಂತು. ಬಹಳ ಹೊತ್ತು ಬಂತು. ನೀರು ಸರಬರಾಜು ಕಚೇರಿಯವನಾಗಿಯೂ ನಾನು ಅಷ್ಟು ನೀರನ್ನು ಕ್ಷಮಿಸಿದೆ. ತಲೆಗೆ ಟವೆಲ್ ಸುತ್ತಿಕೊಂಡು ಬಂದು, ಮಂಚದ ಮೇಲೆ ಬಿದ್ದು, ಬಿದ್ದಲ್ಲೇ ನಿದ್ದೆ ಹೋದಳು. ನಿದ್ದೆ ಬಂತು! ನಾನು ಬಾಗಿಲ ಸಂದಿಯಿಂದ ಅವಳ ಉಸಿರು ಎಣಿಸಿ, ಲಕ್ಷಣಗಳ ಪಟ್ಟಿಯಲ್ಲಿ ಒಂದನ್ನು ಹೊಡೆದುಹಾಕಿದೆ.

ಆಮೇಲಿನ ಒಂದೂಮುಕ್ಕಾಲು ಗಂಟೆ ಆ ಮನೆಯಲ್ಲಿ ನಡೆದದ್ದು ಇತಿಹಾಸ. ತೇಗು ಬರಲೆಂದು ಬೆನ್ನು ತಟ್ಟಿದೆ. ತೇಗಿನ ಜೊತೆ ಹಾಲೂ ಬಂತು. ಹೆಗಲ ಬಟ್ಟೆ ಎಡಗಡೆ ಇತ್ತು, ಹಾಲು ಬಲಗಡೆ ಬಂತು. ಮಗು ಅಳಲು ಶುರುಮಾಡಿದಾಗ ಅತ್ತೆಯವರು ಕೈ ಚಾಚಿದರು. ನಾನು ಕೊಡಲಿಲ್ಲ. "ಐದೂವರೆವರೆಗೆ ಅಂತ ಬರೆದು ಕೊಟ್ಟಿದೀನಿ ಅತ್ತೆ," ಎಂದೆ. ಅವರು ನನ್ನನ್ನು ಮೊದಲ ಸಲ ನೋಡುವಂತೆ ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ ತಣ್ಣಗಿದ್ದ ಟೀ ಚೆಲ್ಲಿ, ಪಾತ್ರೆ ತೊಳೆದು, ಮಗಳಿಗೆ ಊಟ ಮುಚ್ಚಿಟ್ಟರು. ಟೀಚರಮ್ಮ ಮೆಟ್ಟಿಲ ಮೇಲೆ ಕೂತು ಬಂದವರನ್ನೆಲ್ಲ ಬೆರಳು ಬಾಯಿಗಿಟ್ಟು ವಾಪಸ್ಸು ಕಳಿಸಿದರು. ಗಾಳಿಗೆ ಕೋಣೆಯ ಬಾಗಿಲು ಹೊಡೆದುಕೊಳ್ಳುವಂತಾದಾಗ, ಫ್ರೇಮಿನಂಗಡಿಯವನು ಓಡಿಹೋಗಿ ತನ್ನ ಫ್ರೇಮನ್ನೇ ಅದಕ್ಕೆ ಅಡ್ಡ ಇಟ್ಟ. ಹತ್ತೊಂಬತ್ತರಲ್ಲಿ ಒಂದೂ ಇಷ್ಟು ಉಪಯೋಗಕ್ಕೆ ಬಂದಿರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ನಾನು ಮಗುವನ್ನು ಎತ್ತಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದೆ. ಕೂತರೆ ಅಳು. ನಿಂತರೆ ಅಳು. ನಡೆದರೆ ಮೌನ. ಒಂದು ಕೈಯಲ್ಲಿ ಬಟ್ಟೆ ಬದಲಾಯಿಸಿದೆ. ಬಾಯಾರಿತು, ಲೋಟ ದೂರವಿತ್ತು. ಒಂದು ಗಂಟೆಗೇ ಕೈ ಮರಗಟ್ಟಿತು. ಇದನ್ನು ಅವಳು ಇಪ್ಪತ್ಮೂರು ದಿನದಿಂದ ಮಾಡುತ್ತಿದ್ದಳು. ನಾನು ಹೆಬ್ಬೆರಳು ಕಳಿಸುತ್ತಿದ್ದೆ.

ಐದು ಇಪ್ಪತ್ತಕ್ಕೆ ಮಗು ಬಾಯಿ ಚಪ್ಪರಿಸತೊಡಗಿತು. ನಾನು ಗಡಿಯಾರ ನೋಡುತ್ತಾ ಬೇಗ ಬೇಗ ನಡೆದೆ. ಐದೂವರೆಗೆ ಸರಿಯಾಗಿ ಒಳಗಿಂದ ಅವಳು ಎದ್ದು ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಮುಚ್ಚಳದ ಚೂರು ಅವಳ ಮುಷ್ಟಿಯಲ್ಲೇ ಇತ್ತು. ಬಾಗಿಲಿಗೆ ಅಡ್ಡವಿದ್ದ ಫ್ರೇಮಿನ ಹತ್ತಿರ ನಿಂತಳು. ಬಗ್ಗಿ ಓದಿದಳು.

"'ತಮ್ಮ ಸ್ಥಾನಕ್ಕೆ ಬರುವವರು ತಮ್ಮ ಹಾದಿಯಲ್ಲೇ ನಡೆಯಲಿ,'" ಎಂದು ಗಟ್ಟಿಯಾಗಿ ಓದಿದಳು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಂಗಿಯ ಬಲಭುಜದ ಮೇಲೆ ಹಾಲು, ಎಡಭುಜದ ಮೇಲೆ ಒಣ ಬಟ್ಟೆ, ತೋಳಲ್ಲಿ ಮಗು, ಕಾಲು ನಿಂತಲ್ಲೇ ತೂಗುತ್ತಿತ್ತು.

"ಬಂದವರು ಪರವಾಗಿಲ್ಲ," ಎಂದಳು. "ಆದ್ರೆ ರೀ, ಡೈಪರ್ ಹಿಂದುಮುಂದಾಗಿದೆ. ಬಟ್ಟೆ ಆ ಕಡೆ ಹೆಗಲ ಮೇಲಿರ್ಬೇಕು. ಮತ್ತೆ ನಾನು ತಲೆ ತೊಳ್ಕೊಂಡಿದ್ದು ಮಂಗಳವಾರ ಅಲ್ಲ, ಬುಧವಾರ."

ಅತ್ತೆಯವರು ಗಾಬರಿಯಿಂದ ನನ್ನ ಮುಖ ನೋಡಿದರು. ನನಗೆ ಕಣ್ಣಲ್ಲಿ ನೀರು ಬಂದಿತ್ತು. 'ಆದರೆ' ಹಾಕಬಾರದೆಂದು ನರ್ಸಮ್ಮ ಹೇಳಿದ್ದು ನನಗೆ ಮಾತ್ರ, ಅವಳಿಗಲ್ಲ.